ದೇವನಹಳ್ಳಿಯ ಮುಂಗಾರು ಪೂರ್ವ ಗುಡುಗು ಮಳೆ

ಮುಂಗಾರು ಪೂರ್ವ ಗುಡುಗು ಮಳೆ ಎಂಬುದು ಮಾರ್ಚ್‌ನಿಂದ ಜೂನ್ ಆರಂಭದವರೆಗಿನ ಬೇಸಿಗೆಯಲ್ಲಿ, ಹೆಚ್ಚಾಗಿ ಮಧ್ಯಾಹ್ನದ ನಂತರ, ಗುಡುಗು, ಮಿಂಚು ಮತ್ತು ಬಿರುಗಾಳಿಯೊಡನೆ ಸುರಿಯುವ ಅಲ್ಪಕಾಲಿಕ ಮಳೆಯಾಗಿದೆ. ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನಲ್ಲಿ ಇದನ್ನು ರೈತರು ಅಶ್ವಿನಿ, ಭರಣಿ, ಕೃತ್ತಿಕಾ ಮತ್ತು ರೋಹಿಣಿ ಮಳೆಗಳೆಂದು ಗುರುತಿಸುತ್ತಾರೆ. ಕರ್ನಾಟಕದ ಕಾಫಿ ಹೂಮಳೆ, ಕೇರಳದ ಮಾವಿನ ಹೊಯ್ಲು ಮತ್ತು ಪಶ್ಚಿಮ ಬಂಗಾಳದ ಕಾಲಬೈಸಾಖಿ ಇದೇ ಋತುವಿನ ಮಳೆಗಳು. ಭೂಗೋಳಶಾಸ್ತ್ರದಲ್ಲಿ ಇದು ಪರಿಸರಣ ಮಳೆಯ ವರ್ಗಕ್ಕೆ ಸೇರುತ್ತದೆ. ಇದರ ಪ್ರಮಾಣ ಕಡಿಮೆಯೇನಲ್ಲ. ಬೆಂಗಳೂರಿನಲ್ಲಿ ಮೇ ತಿಂಗಳ ಸರಾಸರಿ ಮಳೆಯು 100 ಮಿಲಿಮೀಟರ್‌ಗಿಂತ ಹೆಚ್ಚಾಗಿದ್ದು, ಮುಂಗಾರು ಕಾಲಿಡುವ ಜೂನ್ ತಿಂಗಳ ಸರಾಸರಿಯನ್ನು ಮೀರುತ್ತದೆ.

ತೇವಾಂಶದ ಮೂಲ

ದೇವನಹಳ್ಳಿಯು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಪ್ರಸ್ಥಭೂಮಿಯಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯನು ಇಲ್ಲಿ ನಡುಹಗಲಿನಲ್ಲಿ ನೆತ್ತಿಯ ಮೇಲೆಯೇ ಇರುತ್ತಾನೆ. ಆ ಹೊತ್ತಿಗೆ ಹೊಲಗಳು ಒಣಗಿರುವುದರಿಂದ ಬಿಸಿಲಿನ ಶಾಖವು ನೀರನ್ನು ಆವಿಯಾಗಿಸಲು ವ್ಯಯವಾಗದೆ ನೇರವಾಗಿ ನೆಲವನ್ನೂ ಅದಕ್ಕೆ ತಾಗಿದ ಗಾಳಿಯನ್ನೂ ಕಾಯಿಸುತ್ತದೆ. ಆದರೆ ಕಾವು ಒಂದರಿಂದಲೇ ಗುಡುಗು ಮಳೆಯಾಗುವುದಿಲ್ಲ. ವಾಯವ್ಯದ ಒಣಗಾಳಿ ಬೀಸುವ ದಿನ ಎಷ್ಟೇ ಸುಡುಬಿಸಿಲಿದ್ದರೂ ಆಕಾಶ ಬರಿದಾಗಿಯೇ ಉಳಿಯಬಹುದು.

ಬೇಕಾದ ತೇವಾಂಶವು ಸಮುದ್ರದಿಂದ ಬರಬೇಕು. ಈ ಋತುವಿನಲ್ಲಿ ದಕ್ಷಿಣ ಭಾರತದ ಒಳನಾಡಿನ ಮೇಲೆ ಉತ್ತರದಿಂದ ದಕ್ಷಿಣಕ್ಕೆ ಚಾಚಿದ ಒಂದು ಕಡಿಮೆ ಒತ್ತಡದ ಪಟ್ಟಿ ಆಗಾಗ್ಗೆ ಏರ್ಪಡುತ್ತದೆ. ಅದರ ಒಂದು ಬದಿಗೆ ವಾಯವ್ಯ ದಿಕ್ಕಿನ ಗಾಳಿ, ಇನ್ನೊಂದು ಬದಿಗೆ ಬಂಗಾಳ ಕೊಲ್ಲಿಯಿಂದ ಬರುವ ತೇವಭರಿತ ಆಗ್ನೇಯ ಗಾಳಿ ಬೀಸುತ್ತವೆ. ಭಾರತೀಯ ಹವಾಮಾನ ಇಲಾಖೆಯ ಬೇಸಿಗೆಯ ವರದಿಗಳಲ್ಲಿ ವಿದರ್ಭ ಅಥವಾ ಮರಾಠವಾಡದಿಂದ ಕರ್ನಾಟಕದ ಒಳನಾಡಿನ ಮೂಲಕ ಸಾಗುವ ಈ ಪಟ್ಟಿಯ ಉಲ್ಲೇಖ ಪದೇ ಪದೇ ಬರುತ್ತದೆ. ಅದು ಸಮೀಪದಲ್ಲಿ ಹಾದುಹೋಗುವ ದಿನಗಳಲ್ಲಿ ಬೆಳಗಿನಿಂದಲೇ ಮೈ ಅಂಟುವಂತಹ ಸೆಕೆ ಇರುತ್ತದೆ.

ಸಂಜೆಯವರೆಗಿನ ವಿಳಂಬ

ಬೆಳಗಿನಲ್ಲಿ ನೆಲದ ಬಳಿಯ ತಂಪು ಗಾಳಿಯ ಮೇಲೆ ಅದಕ್ಕಿಂತ ಬೆಚ್ಚಗಿನ ಒಂದು ಪದರವು ಮುಚ್ಚಳದಂತೆ ಕುಳಿತಿರುತ್ತದೆ. ಮೇಲೇರುವ ಗಾಳಿಯು ತನ್ನ ಸುತ್ತಲಿನ ಗಾಳಿಗಿಂತ ಬೆಚ್ಚಗಿದ್ದರೆ ಮಾತ್ರ ಏರುತ್ತಲೇ ಇರಬಲ್ಲದು. ಆದ್ದರಿಂದ ಕೆಳಗಿನ ಗಾಳಿಯು ಸಾಕಷ್ಟು ಕಾಯುವವರೆಗೆ ಈ ಮುಚ್ಚಳವನ್ನು ಭೇದಿಸಲಾಗದು. ಉಷ್ಣಾಂಶವು ಗರಿಷ್ಠ ಮಟ್ಟ ತಲುಪುವುದು ಸಾಮಾನ್ಯವಾಗಿ ಮಧ್ಯಾಹ್ನ 3 ಗಂಟೆಯ ಸುಮಾರಿಗೆ. ಮುಚ್ಚಳ ಒಡೆದ ಬಳಿಕ ರಾಶಿ ಮೋಡವು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ರಾಶಿ ವೃಷ್ಟಿ ಮೋಡವಾಗಿ ಬೆಳೆಯುತ್ತದೆ. ಹೀಗಾಗಿ ಮಳೆಯ ಹೊತ್ತು ಸಂಜೆಗೆ ಸರಿಯುತ್ತದೆ. ನಂದಿ ಬೆಟ್ಟದಂತಹ ಎತ್ತರದ ಇಳಿಜಾರುಗಳು ಗಾಳಿಯನ್ನು ಮೇಲೆತ್ತಲು ನೆರವಾಗುತ್ತವೆಯಾದರೂ, ಬಯಲಿನಲ್ಲಿಯೂ ಮೋಡ ಹುಟ್ಟುವುದರಿಂದ ಬೆಟ್ಟವನ್ನೇ ಕಾರಣವೆನ್ನಲಾಗದು.

ಈ ಮುಚ್ಚಳ ಮಳೆಯನ್ನು ತಡೆಯುವುದಷ್ಟೇ ಅಲ್ಲದೆ, ಒಂದರ್ಥದಲ್ಲಿ ಅದನ್ನು ಉಗ್ರಗೊಳಿಸುತ್ತದೆ. ಹಗಲಿಡೀ ಸಣ್ಣ ಸಣ್ಣ ಮೋಡಗಳಾಗಿ ಖರ್ಚಾಗಬಹುದಾಗಿದ್ದ ಶಾಖ ಮತ್ತು ತೇವಾಂಶ ಕೆಳಗೇ ಸಂಗ್ರಹವಾಗಿ, ಒಮ್ಮೆಗೇ ಬಿಡುಗಡೆಯಾಗುತ್ತದೆ. ಆವಿಯು ಹನಿಯಾಗುವಾಗ ಹೊರಬೀಳುವ ಗುಪ್ತೋಷ್ಣದಿಂದ ಮೋಡವು ಮತ್ತಷ್ಟು ಬೆಚ್ಚಗಾಗಿ, ಅದರ ತುದಿ 12 ಕಿಲೋಮೀಟರ್‌ಗಿಂತಲೂ ಎತ್ತರಕ್ಕೆ ಏರಬಲ್ಲದು.

ಮಳೆಗಿಂತ ಮೊದಲು ಬರುವ ಬಿರುಗಾಳಿ

ಬಿರುಗಾಳಿಯು ಮೋಡದ ಕಡೆಗೆ ಸೆಳೆಯಲ್ಪಡುವ ಗಾಳಿಯೆಂದು ಭಾವಿಸುವುದುಂಟು. ವಾಸ್ತವದಲ್ಲಿ ಅದು ಮೋಡದಿಂದ ಕೆಳಗೆ ಬಿದ್ದ ಗಾಳಿ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಮಧ್ಯಾಹ್ನ ನೆಲದ ಬಳಿ ಉಷ್ಣಾಂಶ 35° ಸೆಲ್ಸಿಯಸ್, ಇಬ್ಬನಿ ಬಿಂದು 19° ಸೆಲ್ಸಿಯಸ್ ಇದೆಯೆಂದುಕೊಳ್ಳೋಣ. ಮೋಡದ ತಳದ ಎತ್ತರವನ್ನು ಅಂದಾಜಿಸಲು ಇವೆರಡರ ವ್ಯತ್ಯಾಸದ ಪ್ರತಿ ಡಿಗ್ರಿಗೆ 125 ಮೀಟರ್‌ನಂತೆ ಲೆಕ್ಕ ಹಾಕಲಾಗುತ್ತದೆ. ವ್ಯತ್ಯಾಸ 16° ಇರುವುದರಿಂದ ಮೋಡದ ತಳವು ನೆಲದಿಂದ ಸುಮಾರು 2,000 ಮೀಟರ್ ಎತ್ತರದಲ್ಲಿರುತ್ತದೆ. ಅಂದರೆ ಮಳೆಹನಿಯು ನೆಲ ಮುಟ್ಟುವ ಮೊದಲು ಎರಡು ಕಿಲೋಮೀಟರ್ ದಪ್ಪದ ಬಿಸಿಯಾದ, ಒಣ ಗಾಳಿಯನ್ನು ದಾಟಬೇಕು. ದಾರಿಯಲ್ಲಿ ಹನಿಗಳ ಬಹುಭಾಗ ಆವಿಯಾಗಿ, ಅದಕ್ಕೆ ಬೇಕಾದ ಶಾಖವನ್ನು ಸುತ್ತಲಿನ ಗಾಳಿಯಿಂದಲೇ ಹೀರಿಕೊಳ್ಳುತ್ತದೆ. ಒಂದು ಕಿಲೋಗ್ರಾಂ ಗಾಳಿಯೊಳಗೆ ಒಂದು ಗ್ರಾಂ ನೀರು ಆವಿಯಾದರೆ ಆ ಗಾಳಿ ಸುಮಾರು 2.5° ತಣ್ಣಗಾಗುತ್ತದೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದೂ ಇದೇ ಕ್ರಮದಲ್ಲಿ. ಈ ಉದಾಹರಣೆಯಲ್ಲಿ ಗಾಳಿಯು 24° ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯಬಲ್ಲದು. ಆಗ ಅದು ಸುತ್ತಲಿನ ಗಾಳಿಗಿಂತ ಶೇಕಡಾ 3ಕ್ಕೂ ಹೆಚ್ಚು ಭಾರವಾಗಿ ಕೆಳಗೆ ಧುಮುಕುತ್ತದೆ ಮತ್ತು ನೆಲಕ್ಕೆ ಅಪ್ಪಳಿಸಿ ಎಲ್ಲ ದಿಕ್ಕುಗಳಿಗೂ ಹರಡುತ್ತದೆ.

ಹೀಗೆ ಹರಡುವ ತಂಪು ಗಾಳಿಯ ಮುಂಚೂಣಿಯು ಮಳೆಗಿಂತ ಕೆಲವು ಕಿಲೋಮೀಟರ್ ಮುಂದೆ ಸಾಗುತ್ತದೆ. ಮೊದಲು ಧೂಳಿನ ಗೋಡೆ, ನಂತರ ಮಣ್ಣಿನ ವಾಸನೆಯ ತಂಪು ಗಾಳಿ, ಆಮೇಲೆ ದಪ್ಪ ಹನಿಗಳು ಎಂಬ ಪರಿಚಿತ ಕ್ರಮಕ್ಕೆ ಇದೇ ಕಾರಣ. ಗಾಳಿಯ ವೇಗವು ಥಟ್ಟನೆ ಗಂಟೆಗೆ ಸುಮಾರು 29 ಕಿಲೋಮೀಟರ್‌ನಷ್ಟಾದರೂ ಹೆಚ್ಚಿ, 40 ಕಿಲೋಮೀಟರ್ ಮುಟ್ಟಿ, ಕನಿಷ್ಠ ಒಂದು ನಿಮಿಷ ಉಳಿದರೆ ಮಾತ್ರ ಹವಾಮಾನಶಾಸ್ತ್ರದಲ್ಲಿ ಅದನ್ನು ಬಿರುಗಾಳಿಯೆಂದು ದಾಖಲಿಸಲಾಗುತ್ತದೆ. ಕೆಲವೊಮ್ಮೆ ಹನಿಗಳೆಲ್ಲ ದಾರಿಯಲ್ಲೇ ಆವಿಯಾಗಿ, ಮಳೆಯಿಲ್ಲದ ಬರಿಯ ಬಿರುಗಾಳಿಯಷ್ಟೇ ಊರಿಗೆ ತಲುಪುತ್ತದೆ. ಮುಂಚೂಣಿಯು ತನ್ನೆದುರಿನ ಬಿಸಿಗಾಳಿಯನ್ನು ಮೇಲೆತ್ತಿ ಹೊಸ ಮೋಡಗಳನ್ನು ಹುಟ್ಟಿಸುವುದರಿಂದ, ಒಂದು ಊರಿನಲ್ಲಿ ಮಳೆ ನಿಂತ ಬಳಿಕ ಪಕ್ಕದ ಹೋಬಳಿಯಲ್ಲಿ ಅದು ಆರಂಭವಾಗುವುದುಂಟು.

ಪರಿಣಾಮಗಳು

ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು ಇದೇ ತಾಲ್ಲೂಕಿನಲ್ಲಿದೆ. ಕೆಳಗೆ ಧುಮುಕುವ ಗಾಳಿಯ ಮೂಲಕ ಹಾದುಹೋಗುವ ವಿಮಾನಕ್ಕೆ ಮೊದಲು ಎದುರುಗಾಳಿ, ಕೆಲವೇ ಸೆಕೆಂಡುಗಳಲ್ಲಿ ಹಿಂಗಾಳಿ ಎದುರಾಗುತ್ತದೆ. ಇಳಿಯುವ ಹಂತದಲ್ಲಿ ಇದು ಅಪಾಯಕಾರಿಯಾದುದರಿಂದ ವಿಮಾನಗಳನ್ನು ಕಾಯಿಸುವುದು ಅಥವಾ ಬೇರೆಡೆಗೆ ಕಳುಹಿಸುವುದು ವಾಡಿಕೆ. 2023ರ ಏಪ್ರಿಲ್ 4ರಂದು ಸಂಜೆ 4ರಿಂದ 5 ಗಂಟೆಯ ನಡುವೆ ಪ್ರತಿಕೂಲ ಹವಾಮಾನದಿಂದಾಗಿ ಇಲ್ಲಿ ಇಳಿಯಬೇಕಿದ್ದ 14 ವಿಮಾನಗಳ ಮಾರ್ಗ ಬದಲಿಸಲಾಯಿತು. ಅವುಗಳಲ್ಲಿ 12 ಚೆನ್ನೈಗೆ, ತಲಾ ಒಂದು ಕೊಯಮತ್ತೂರು ಮತ್ತು ಹೈದರಾಬಾದಿಗೆ ತೆರಳಿದವು.

ದ್ರಾಕ್ಷಿ ಮತ್ತು ಮಾವಿನ ಬೆಳೆಗಾರರಿಗೆ ಹೆಚ್ಚಿನ ಭಯವಿರುವುದು ಆಲಿಕಲ್ಲಿನದು. ಈ ಋತುವಿನಲ್ಲಿ ನೀರು ಹೆಪ್ಪುಗಟ್ಟುವ ಮಟ್ಟವು ಸಮುದ್ರಮಟ್ಟದಿಂದ ಐದು ಕಿಲೋಮೀಟರ್‌ನ ಆಸುಪಾಸಿನಲ್ಲಿರುತ್ತದೆ. ಪ್ರಸ್ಥಭೂಮಿಯೇ ಎತ್ತರದಲ್ಲಿರುವುದರಿಂದ ಆಲಿಕಲ್ಲು ಕರಗಲು ಇಲ್ಲಿ ದೊರೆಯುವ ದಾರಿ ಕರಾವಳಿಗಿಂತ ಸುಮಾರು ಒಂದು ಕಿಲೋಮೀಟರ್ ಕಡಿಮೆ.

ಮುನ್ಸೂಚನೆಯ ಮಿತಿ

ಜಿಲ್ಲೆಯಲ್ಲಿ ಗುಡುಗು ಮಳೆಯ ಸಂಭವವಿದೆಯೆಂದು ಬೆಳಿಗ್ಗೆ ಹೇಳಬಹುದಾದರೂ, ಅದು ದೇವನಹಳ್ಳಿಗೋ ಹೊಸಕೋಟೆಗೋ ಎಂದು ಹೇಳಲಾಗದು. ಮೋಡದ ಹರವು ಕೆಲವೇ ಕಿಲೋಮೀಟರ್, ಆಯುಷ್ಯ ಒಂದೆರಡು ಗಂಟೆ. ಆದಕಾರಣ ಮುಂದಿನ ಮೂರು ಗಂಟೆಗಳಿಗೆ ಮಾತ್ರ ಅನ್ವಯಿಸುವ ತಕ್ಷಣದ ಮುನ್ಸೂಚನೆಯೇ ಹೆಚ್ಚು ವಿಶ್ವಾಸಾರ್ಹ. ಸಿಡಿಲಿನ ಎಚ್ಚರಿಕೆಗಾಗಿ ಕರ್ನಾಟಕದಲ್ಲಿ ‘ಸಿಡಿಲು’ ಮತ್ತು ರಾಷ್ಟ್ರಮಟ್ಟದಲ್ಲಿ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್‌ಗಳಿವೆ. ಮಿಂಚು ಕಂಡು ಗುಡುಗು ಕೇಳಿಸುವವರೆಗಿನ ಪ್ರತಿ ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್‌ನಂತೆ ಸಿಡಿಲಿನ ದೂರವನ್ನು ಅಂದಾಜಿಸಬಹುದು. ಆದರೆ ಗುಡುಗು ಕೇಳಿಸುತ್ತಿದೆಯೆಂದರೆ ಮುಂದಿನ ಸಿಡಿಲು ಕೇಳುಗನ ಬಳಿಯೇ ಬೀಳಬಹುದಾದಷ್ಟು ಮೋಡ ಸಮೀಪಿಸಿರುತ್ತದೆ.

ಮುಂಗಾರಿನ ನಂತರ

ಜೂನ್ ಮೊದಲ ಭಾಗದಲ್ಲಿ ನೈಋತ್ಯ ಮುಂಗಾರು ಇಲ್ಲಿಗೆ ತಲುಪಿದಾಗ ಈ ಸ್ಥಿತಿ ಬದಲಾಗುತ್ತದೆ. ಮೋಡ ಮುಸುಕಿದ ಆಕಾಶದಿಂದಾಗಿ ನೆಲ ಅಷ್ಟಾಗಿ ಕಾಯುವುದಿಲ್ಲ. ಜುಲೈನ ಒಂದು ಮಧ್ಯಾಹ್ನ ಉಷ್ಣಾಂಶ 27°, ಇಬ್ಬನಿ ಬಿಂದು 20° ಇದ್ದರೆ, ಅದೇ ಲೆಕ್ಕದ ಪ್ರಕಾರ ಮೋಡದ ತಳ 900 ಮೀಟರ್‌ಗಿಂತಲೂ ಕೆಳಗಿರುತ್ತದೆ. ಹನಿಗಳು ತೇವವಾದ ಗಾಳಿಯಲ್ಲಿ ಹೆಚ್ಚು ಆವಿಯಾಗದೆ ನೆಲ ಸೇರುವುದರಿಂದ ಕೆಳಗೆ ಧುಮುಕುವ ಭಾರವಾದ ಗಾಳಿಯೂ ರೂಪುಗೊಳ್ಳದು. ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿರುವ ದೇವನಹಳ್ಳಿಯಲ್ಲಿ ಆಗ ಎಡೆಬಿಡದ ಪಶ್ಚಿಮ ಗಾಳಿಯೂ ತುಂತುರು ಮಳೆಯೂ ಸಾಮಾನ್ಯ.