ಪೊಟ್ಟಣದ ಮೇಲೆ ಏನು ಬರೆದಿದೆ?



2025ರ ಏಪ್ರಿಲ್ ರಜೆಯಲ್ಲಿ ನನ್ನ ತಂಗಿಯ ಹುಟ್ಟುಹಬ್ಬಕ್ಕೆ ಮಾವ ಪೇಟೆಯಿಂದ ಒಂದು ಕೇಕಿನ ಪೊಟ್ಟಣ ತಂದಿದ್ದರು. ನಮ್ಮ ಅಜ್ಜಿ ಮೊಟ್ಟೆ ಮುಟ್ಟುವವರಲ್ಲ. “ಇದಕ್ಕೆ ಮೊಟ್ಟೆ ಹಾಕಿದ್ದಾರೇನೋ, ಓದಿ ನೋಡೇ ಮಗಾ” ಅಂದರು. ಮಾವ “ಬರೀ ಕೇಕು ಅಜ್ಜಿ, ತಿನ್ನಿ” ಅಂದರು. ನಾನು ತಿರುಗಿಸಿ ನೋಡಿದೆ. ಹೆಸರಿನ ಹತ್ತಿರ ಸಣ್ಣ ಚೌಕ, ಅದರೊಳಗೆ ಕಂದು ಬಣ್ಣದ ತ್ರಿಕೋನ ಇತ್ತು. ಅಜ್ಜಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ, ಕಂದು ತ್ರಿಕೋನ ಇದ್ದರೆ ಮಾಂಸಾಹಾರ. ಮೊದಲು ಎರಡಕ್ಕೂ ದುಂಡು ಚುಕ್ಕೆಯೇ ಇತ್ತು. ಕೆಲವರ ಕಣ್ಣಿಗೆ ಹಸಿರು, ಕಂದು ಒಂದೇ ತರಹ ಕಾಣುತ್ತವೆ. ಅವರಿಗೂ ತಿಳಿಯಲಿ ಎಂದು 2020ರ ನಿಯಮದಲ್ಲಿ ತ್ರಿಕೋನ ತಂದರು. ಈ ಲೆಕ್ಕದಲ್ಲಿ ಮೊಟ್ಟೆ ಮಾಂಸಾಹಾರಕ್ಕೆ ಸೇರುತ್ತದೆ. ಹಾಲು, ಜೇನು ಸೇರುವುದಿಲ್ಲ. ಚೌಕದಲ್ಲಿ ಕಪ್ಪು ಅಡ್ಡಗೀಟು (X) ಇದ್ದರೆ ಅದು ತಿನ್ನುವುದಕ್ಕಲ್ಲ. ದೀಪಕ್ಕೆ ಅಂತ ಮಾರುವ ತುಪ್ಪದಂಥ ವಸ್ತುವಿನ ಮೇಲೆ ಇದನ್ನು ನೋಡಿಕೊಳ್ಳಬೇಕು.

ಆಮೇಲೆ ಅಮ್ಮ ಡಬ್ಬಿಯಿಂದ ಒಂದು ರಸ್ಕಿನ ಪೊಟ್ಟಣ ತೆಗೆದು “ಇದರ ತಾರೀಖು ಮುಗಿದಿದೆ, ಎಸೆದುಬಿಡು” ಅಂದರು. ಅದರ ಮೇಲೆ ಎರಡು ತಾರೀಖು ಇದ್ದವು. ‘ಬೆಸ್ಟ್ ಬಿಫೋರ್ 07/04/25’, ‘ಎಕ್ಸ್‌ಪೈರಿ 06/06/25’. ಮೊದಲು ಬರುವುದು ದಿನ, ಆಮೇಲೆ ತಿಂಗಳು. ಅಂದರೆ ಏಪ್ರಿಲ್ 7 ಮತ್ತು ಜೂನ್ 6. ಆವತ್ತು ಏಪ್ರಿಲ್ 20.

‘ಬೆಸ್ಟ್ ಬಿಫೋರ್’ ಅಂದರೆ ಆ ದಿನದವರೆಗೆ ರುಚಿ, ಗರಿಗರಿ ಚೆನ್ನಾಗಿರುತ್ತದೆ ಎಂದು. ಅದು ದಾಟಿದ ಕೂಡಲೇ ವಿಷವಾಗುವುದಿಲ್ಲ. ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ಕೊನೆಯ ದಿನ. ಅದು ದಾಟಿದ್ದನ್ನು ತಿನ್ನಬಾರದು, ಅಂಗಡಿಯವರು ಮಾರಲೂಬಾರದು. ನಮ್ಮ ಪೊಟ್ಟಣ ಒಡೆದಿರಲಿಲ್ಲ, ಒದ್ದೆಯಾಗಿರಲಿಲ್ಲ. ಎಲ್ಲರೂ ಚಹಾದಲ್ಲಿ ಅದ್ದಿ ತಿಂದೆವು. ಸ್ವಲ್ಪ ಮೆತ್ತಗಾಗಿತ್ತು, ಅಷ್ಟೇ.

ಆದರೆ ಅದೇ ದಿನ ಹಾಲಿನ ಪ್ಯಾಕೆಟ್ಟಿನ ಮೇಲೆ ‘ಯೂಸ್ ಬೈ’ ಹಿಂದಿನ ದಿನಕ್ಕೇ ಮುಗಿದಿತ್ತು. “ವಾಸನೆ ಇಲ್ಲವಲ್ಲ, ಚೆನ್ನಾಗಿ ಕುದಿಸಿದರಾಯ್ತು” ಅಂದರು ಅಮ್ಮ. ನಾನು ಬೇಡ ಅಂದೆ. ಕಾಯಿಲೆ ತರುವ ಎಲ್ಲಾ ಕ್ರಿಮಿಗಳೂ ವಾಸನೆ ಕೊಡುವುದಿಲ್ಲ. ಕುದಿಸಿದರೆ ಕ್ರಿಮಿ ಸಾಯಬಹುದು, ಆದರೆ ಕೆಲವು ಕ್ರಿಮಿಗಳು ಮೊದಲೇ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ಕೊನೆಗೆ ಆ ಹಾಲನ್ನು ತೆಂಗಿನ ಬುಡಕ್ಕೆ ಚೆಲ್ಲಿದೆವು.

ಇನ್ನೊಂದು ಮಾತು. ಈ ತಾರೀಖುಗಳೆಲ್ಲ ಒಡೆಯದ ಪೊಟ್ಟಣಕ್ಕೆ, ಅದೂ ಅದರ ಮೇಲೆ ಹೇಳಿದಂತೆ ಇಟ್ಟಿದ್ದರೆ ಮಾತ್ರ. ‘ತಣ್ಣಗೆ ಇಡಿ’ ಎಂದು ಬರೆದದ್ದನ್ನು ಬಿಸಿಲಲ್ಲಿ ಇಟ್ಟರೆ ತಾರೀಖು ಇದ್ದರೂ ಕೆಡುತ್ತದೆ. ಹಾಲಿನ ಪ್ಯಾಕೆಟ್ಟು ಊದಿಕೊಂಡಿದ್ದರೆ ತಾರೀಖು ನೋಡುವುದೇ ಬೇಡ, ಕೆಟ್ಟಿದೆ ಎಂದೇ ತಿಳಿಯಿರಿ.

ಈಗ ನಮ್ಮ ಮನೆಗೆ ಏನೇ ಪೊಟ್ಟಣ ಬಂದರೂ ಅಜ್ಜಿ ಮೊದಲು ನನ್ನ ಕೈಗೇ ಕೊಡುತ್ತಾರೆ.