ಅರವತ್ತು ಸೆಕೆಂಡಿನಲ್ಲಿ ಕಾವೇರಿ

ಬೆಂಗಳೂರಿಗೆ ಕುಡಿಯುವ ನೀರು ಎಲ್ಲಿಂದ, ಹೇಗೆ ಬರುತ್ತದೆ ಎಂಬುದರ ಮೇಲೆ ಮೂರು ಸಾವಿರ ಪದಗಳ ಲೇಖನವೊಂದು ಪತ್ರಿಕೆಯಲ್ಲಿ ಅಚ್ಚಾಗಿದೆ ಎಂದುಕೊಳ್ಳಿ. 1896ರಲ್ಲಿ ಹೆಸರಘಟ್ಟದಿಂದ ಬಂದ ಅರ್ಕಾವತಿ ನೀರು, 1933ರ ತಿಪ್ಪಗೊಂಡನಹಳ್ಳಿ, 1974ರ ಕಾವೇರಿ ಮೊದಲ ಹಂತ, 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ ಐದನೆಯ ಹಂತ, ಎಲ್ಲವೂ ಅದರಲ್ಲಿದೆ. ಬರೆದವರು ತಿಂಗಳುಗಟ್ಟಲೆ ಓಡಾಡಿದ್ದಾರೆ. ಸಂಚಿಕೆ ಬಂದ ವಾರದಲ್ಲಿ ಓದುವವರು ಓದುತ್ತಾರೆ, ಆಮೇಲೆ ಅದು ರದ್ದಿಯ ಕಟ್ಟು ಸೇರುತ್ತದೆ. ಇಷ್ಟು ದುಡಿಮೆ ಒಂದೇ ವಾರಕ್ಕೆ ಮುಗಿಯಬಾರದೆಂದು ಈಗ ಸಂಪಾದಕರು ಅದೇ ಲೇಖನವನ್ನು ಇಮೇಲ್ ಸುದ್ದಿಪತ್ರವಾಗಿ, ಒಂದು ನಿಮಿಷದ ವಿಡಿಯೊ ಆಗಿ, ವಾಟ್ಸ್‌ಆ್ಯಪ್ ಕಾರ್ಡು, ಎಕ್ಸ್ ಪೋಸ್ಟುಗಳಾಗಿ ಮತ್ತೆ ಕಳಿಸುತ್ತಾರೆ.

ಸಾಮಾನ್ಯವಾಗಿ ಈ ಕೆಲಸ ಕಚೇರಿಯಲ್ಲಿ ಅತ್ಯಂತ ಹೊಸಬರ ತಲೆಗೆ ಬೀಳುತ್ತದೆ. ಅವರು ಮಾಡುವುದು ಒಂದೇ: ಮೊದಲ ಪ್ಯಾರಾ ಕತ್ತರಿಸಿ, ಕೆಳಗೆ ಕೊಂಡಿ ಅಂಟಿಸಿ, ಎಲ್ಲ ಕಡೆಗೂ ಅದನ್ನೇ ಹಾಕುವುದು. ಆದರೆ ಉದ್ದದ ಲೇಖನದ ಮೊದಲ ಪ್ಯಾರಾ ಓದುಗನನ್ನು ಎರಡನೆಯ ಪ್ಯಾರಾಕ್ಕೆ ಒಯ್ಯಲೆಂದು ಬರೆದದ್ದು. ಅದನ್ನು ಕಿತ್ತು ಬೇರೆಡೆ ನಿಲ್ಲಿಸಿದರೆ ಹೇಳುವುದಕ್ಕೆ ಅದರಲ್ಲಿ ಏನೂ ಇರುವುದಿಲ್ಲ.

ಮೊದಲು ಮಾಡಬೇಕಾದದ್ದು ಬೇರೆ. ಲೇಖನವನ್ನು ಪೆನ್ಸಿಲ್ ಹಿಡಿದು ಓದಿ, ಒಂದು ಹಾಳೆಯಲ್ಲಿ ಅದರ ಸಂಗತಿಗಳನ್ನಷ್ಟೇ ಪಟ್ಟಿ ಮಾಡಬೇಕು. ಪ್ರತಿ ಸಂಗತಿಯ ಪಕ್ಕದಲ್ಲಿ ಅದರ ಬಾಲವನ್ನೂ ಬರೆಯಬೇಕು. ಬಾಲ ಎಂದರೆ ಆ ಸಂಗತಿ ಯಾವ ಷರತ್ತಿನ ಮೇಲೆ ನಿಜವೋ ಆ ಷರತ್ತು. ಲೇಖನದಲ್ಲಿ ಅದು ಹಿಂದಿನ ಅಥವಾ ಮುಂದಿನ ವಾಕ್ಯದಲ್ಲಿ ಇರುತ್ತದೆ. ಒಡೆಯುವಾಗ ಮೊದಲು ಉದುರುವುದು ಅದೇ.

ನಮ್ಮ ಲೇಖನದಿಂದಲೇ ಒಂದನ್ನು ನೋಡೋಣ. ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ‘ಹೆಡ್’ಗೆ ಎದುರಾಗಿ ಪಂಪ್ ಮಾಡಲಾಗುತ್ತದೆ ಎಂದು ಅಲ್ಲಿದೆ. ವಿಡಿಯೊ ಮಾಡುವವರ ಕಣ್ಣಿಗೆ ಇದು ಬಿದ್ದ ಕೂಡಲೇ ‘ನಿಮ್ಮ ನಲ್ಲಿ ನೀರು ಅರ್ಧ ಕಿಲೋಮೀಟರ್ ಬೆಟ್ಟ ಹತ್ತಿ ಬಂದಿದೆ!’ ಎಂಬ ಸಾಲು ಹುಟ್ಟುತ್ತದೆ. ಕೇಳಲು ಚೆನ್ನಾಗಿದೆ, ಆದರೆ ತಪ್ಪು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ನೀರು ಹೊರಡುವ ಮಳವಳ್ಳಿ ಸೀಮೆ ಸುಮಾರು 600 ಮೀಟರ್. ಕಳೆದರೆ ಉಳಿಯುವುದು 300. ಮಿಕ್ಕದ್ದು ಎಲ್ಲಿ ಹೋಯಿತು? ಅಷ್ಟುದ್ದದ ಪೈಪಿನ ಒಳಮೈಗೆ ನೀರು ಉಜ್ಜಿಕೊಂಡು ಹರಿಯುವಾಗ ಒತ್ತಡ ಕಡಿಮೆಯಾಗುತ್ತ ಹೋಗುತ್ತದೆ. ಆ ನಷ್ಟವನ್ನೂ ಪಂಪುಗಳೇ ತುಂಬಿಕೊಡಬೇಕು. ಎಂಜಿನಿಯರುಗಳು ಹೆಡ್ ಎನ್ನುವುದು ಏರು ಮತ್ತು ಈ ಘರ್ಷಣೆ ಎರಡನ್ನೂ ಕೂಡಿಸಿದ ಹೊರೆಯನ್ನು. ಲೇಖನದಲ್ಲಿ ಇದನ್ನು ವಿವರಿಸಲು ಒಂದು ಪ್ಯಾರಾ ಇತ್ತು. ಅರವತ್ತು ಸೆಕೆಂಡಿನಲ್ಲಿ ಅದಕ್ಕೆ ಜಾಗವಿಲ್ಲ. ಹಾಗಿದ್ದರೆ ಆ 500 ಅನ್ನು ವಿಡಿಯೊದಲ್ಲಿ ಬಳಸಲೇಬಾರದು. ಬಾಲ ಹಿಡಿಸದ ಕಡೆ ಅಂಕಿಯೂ ಬೇಡ. ಬಾಲವಿಲ್ಲದೆ ನಿಲ್ಲಬಲ್ಲ ಇನ್ನೊಂದು ಸಂಗತಿಯನ್ನು ಪಟ್ಟಿಯಿಂದ ಆರಿಸಿಕೊಳ್ಳಬೇಕು.

ಅಂಥದ್ದು ಪಟ್ಟಿಯಲ್ಲಿ ಇದೆ. ನೀರನ್ನು ಮೂರು ಕಡೆ ಎತ್ತುತ್ತಾರೆ: ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ. ಇದಕ್ಕೆ ಷರತ್ತಿಲ್ಲ, ಚಿತ್ರದಲ್ಲಿ ತೋರಿಸಲೂ ಬರುತ್ತದೆ. ವಿಡಿಯೊದ ಬೆನ್ನೆಲುಬು ಇದೇ ಆಗಲಿ, ಮಿಕ್ಕ ಚರಿತ್ರೆಯನ್ನೆಲ್ಲ ಬಿಟ್ಟುಬಿಡಿ. ಬಿಡುವಾಗ ಲೇಖಕರ ಮುಖ ಸಪ್ಪಗಾಗುವುದು ಸಹಜ, ಏನೂ ಮಾಡಲಾಗದು.

ವಿಡಿಯೊ ಬರವಣಿಗೆಯನ್ನು ಎರಡು ಕಂಬದಲ್ಲಿ ಬರೆಯುವುದು ರೂಢಿ: ಎಡಕ್ಕೆ ಕಾಣುವುದು, ಬಲಕ್ಕೆ ಕೇಳುವುದು. ಕನ್ನಡದ ಪದಗಳು ವಿಭಕ್ತಿ, ಕ್ರಿಯಾಪದದ ಪ್ರತ್ಯಯಗಳನ್ನೆಲ್ಲ ಹೊತ್ತು ಉದ್ದವಾಗಿರುವುದರಿಂದ ನಿಮಿಷಕ್ಕೆ ನೂರು ಪದ ದಾಟಿದರೆ ನಿರೂಪಕರಿಗೆ ಉಸಿರು ಸಾಲದು. ಪದ ಎಣಿಸಿ ನೆಮ್ಮದಿಯಾಗಿರಬೇಡಿ, ಗಟ್ಟಿಯಾಗಿ ಓದಿ ಗಡಿಯಾರ ನೋಡಿ. ನಮ್ಮ ಮಾದರಿ ಹೀಗೆ ಆರಂಭವಾಗಬಹುದು:

ಕಾಣುವುದು: ಅಡುಗೆಮನೆಯ ನಲ್ಲಿ, ಲೋಟ ತುಂಬುತ್ತಿದೆ.
ಕೇಳುವುದು: ‘ಈ ಕಾವೇರಿ ನೀರನ್ನ ಇಲ್ಲಿಗೆ ತರೋದಕ್ಕೆ ಮೂರು ಸಲ ಎತ್ತಿದ್ದಾರೆ.’

ಕಾಣುವುದು: ನಕ್ಷೆ, ಮಳವಳ್ಳಿಯ ಬಳಿ ಚುಕ್ಕಿ.
ಕೇಳುವುದು: ‘ಮೊದಲ ಸಲ ಎತ್ತೋದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ. ನದಿ ನೀರು ಶುದ್ಧವಾಗೋದೂ ಅಲ್ಲೇ.’

ಕಾಣುವುದು: ಚುಕ್ಕಿಯಿಂದ ಗೆರೆ ಉತ್ತರಕ್ಕೆ ಹರಿದು ಇನ್ನೊಂದು ಚುಕ್ಕಿ, ಮತ್ತೊಂದು ಚುಕ್ಕಿ.
ಕೇಳುವುದು: ‘ಹಾರೋಹಳ್ಳಿಗೆ ಬಂತು, ಮತ್ತೆ ಎತ್ತಿದ್ರು. ತಾತಗುಣಿಗೆ ಬಂತು, ಇನ್ನೊಂದು ಸಲ. ಊರು ಎತ್ತರದಲ್ಲಿದೆ, ನದಿ ತಗ್ಗಿನಲ್ಲಿದೆ. ಒಂದೇ ಏಟಿಗೆ ತಳ್ಳೋಕೆ ಆಗಲ್ಲ.’

ಇಲ್ಲಿ ಗಮನಿಸಬೇಕಾದದ್ದು ಭಾಷೆ. ಲೇಖನದಲ್ಲಿ ‘ಎತ್ತಲಾಗುತ್ತದೆ’ ಎಂದಿದ್ದದ್ದು ಬಾಯಿಗೆ ಬಂದಾಗ ‘ಎತ್ತಿದ್ರು’ ಆಗಿದೆ. ಅಚ್ಚಿನ ಕನ್ನಡವನ್ನು ಹಾಗೇ ಓದಿಸಿದರೆ ಹಳೆಯ ಸರ್ಕಾರಿ ಸಾಕ್ಷ್ಯಚಿತ್ರದ ಧ್ವನಿ ಬರುತ್ತದೆ, ಬೆರಳು ಮುಂದಿನ ವಿಡಿಯೊಗೆ ಜಾರುತ್ತದೆ. ಯೂಟ್ಯೂಬ್ ಶಾರ್ಟ್ಸ್‌ಗೆ 2024ರ ಅಕ್ಟೋಬರ್‌ನಿಂದ ಮೂರು ನಿಮಿಷದವರೆಗೆ ಅವಕಾಶವಿದೆ. ಆದರೆ ಮೂರು ಊರುಗಳ ಈ ಕಥೆಗೆ ಒಂದು ನಿಮಿಷವೇ ಧಾರಾಳ.

ಬಸ್ಸಿನಲ್ಲಿ ಧ್ವನಿ ಆರಿಸಿ ನೋಡುವವರಿಗಾಗಿ ತೆರೆಯ ಮೇಲೆ ಅಕ್ಷರ ಬೇಕು. ಕನ್ನಡದಲ್ಲಿ ಇದರದೇ ಒಂದು ಕಾಟ: ಕೆಲವು ಎಡಿಟಿಂಗ್ ತಂತ್ರಾಂಶಗಳಲ್ಲಿ ಒತ್ತಕ್ಷರ ಒಡೆದು, ‘ಹಳ್ಳಿ’ಯ ಳಕಾರದ ಒತ್ತು ಕೆಳಗೆ ಕೂರದೆ ಪಕ್ಕದಲ್ಲಿ ನಿಂತಿರುತ್ತದೆ. ಎಡಿಟರ್ ಕನ್ನಡ ಓದದವರಾದರೆ ಅವರಿಗೆ ಅದು ಕಾಣುವುದೇ ಇಲ್ಲ. ವಿಡಿಯೊ ಹೊರಬಿದ್ದ ಮೇಲೆ ಫೋನಿನಲ್ಲಿ ಒಮ್ಮೆ ನೋಡಲೇಬೇಕು. ತೆರೆಯ ಕೆಳಭಾಗವನ್ನು ಖಾತೆಯ ಹೆಸರು, ಬಲ ಅಂಚನ್ನು ಲೈಕ್, ಶೇರ್ ಗುಂಡಿಗಳು ಮುಚ್ಚುತ್ತವೆ. ಅಕ್ಷರ ಅಲ್ಲಿ ಬೀಳದಂತೆ ನಡುವೆ ಇಡಬೇಕು.

ಸುದ್ದಿಪತ್ರದ ಓದುಗ ಬೇರೆ ಜಾತಿ. ತಾನಾಗಿ ಇಮೇಲ್ ವಿಳಾಸ ಕೊಟ್ಟು ‘ಕಳಿಸಿ’ ಎಂದವನು ಅವನು. ಅವನಿಗೆ ಲೇಖನದ ಸಾರಾಂಶ ಕಳಿಸಿ ‘ಪೂರ್ತಿ ಓದಲು ಇಲ್ಲಿ ಒತ್ತಿ’ ಎನ್ನುವುದು ನನಗೆ ಸರಿಕಾಣುವುದಿಲ್ಲ. ಆ ಪತ್ರದೊಳಗೇ ಒಂದು ಪೂರ್ಣ ಸಂಗತಿ ಇರಬೇಕು, ಅದು ವಿಡಿಯೊದಲ್ಲಿ ಬಂದದ್ದೇ ಆಗಿರಬಾರದು. ನಾನಾದರೆ ಲೇಖನದ ನಡುವೆ ಎಲ್ಲೋ ಅಡಗಿದ್ದ ಹೆಸರಘಟ್ಟದ ಭಾಗವನ್ನು ಎತ್ತಿಕೊಳ್ಳುತ್ತೇನೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಹೆಸರಘಟ್ಟದ ನೀರು ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಹರಿದು, ಅಲ್ಲಿ ಉಗಿಯಂತ್ರ ಅದನ್ನು ಮಲ್ಲೇಶ್ವರದ ಕಡೆಗೆ ತಳ್ಳುತ್ತಿತ್ತು. ಮುನ್ನೂರು ಪದಕ್ಕೆ ಇದು ಸಾಕು. ಲೇಖನದಲ್ಲಿ ಇದು ಐದು ವಾಕ್ಯವಿದ್ದರೆ ಪತ್ರದಲ್ಲಿ ಹಿಗ್ಗುತ್ತದೆ, ಲೇಖಕರ ಟಿಪ್ಪಣಿ ಪುಸ್ತಕದಲ್ಲಿ ಉಳಿದುಹೋದ ವಿವರಗಳಿಗೂ ಜಾಗ ಸಿಗುತ್ತದೆ. ಬರವಣಿಗೆಯೂ ಪತ್ರದಂತೆ ಇರಲಿ: ‘ಸೋಲದೇವನಹಳ್ಳಿ ಕಡೆ ಹೋದರೆ ಆ ಹಳೆಯ ಪಂಪ್‌ಹೌಸ್ ಎಲ್ಲಿತ್ತೆಂದು ಊರವರನ್ನು ಕೇಳಿ ನೋಡಿ’ ಎಂದು ಪತ್ರದಲ್ಲಿ ಹೇಳಬಹುದು, ಲೇಖನದಲ್ಲಿ ಹೇಳುವುದು ಕಷ್ಟ.

ವಿಷಯದ ಸಾಲು ಫೋನಿನಲ್ಲಿ ನಾಲ್ಕೈದು ಪದಕ್ಕೆ ಕತ್ತರಿಸಿಹೋಗುತ್ತದೆ. ‘ನಮ್ಮ ಸುದ್ದಿಪತ್ರ, ಸಂಚಿಕೆ’ ಎಂದು ಶುರುಮಾಡಿದರೆ ಸಿಕ್ಕಿದ ಜಾಗವೆಲ್ಲ ಅಲ್ಲೇ ಖರ್ಚು. ‘ಮಲ್ಲೇಶ್ವರಕ್ಕೆ ಉಗಿಯಂತ್ರದ ನೀರು’ ಎಂದರೆ ವಿಷಯ ಮೊದಲೇ ಬಂತು. ಅದರ ಕೆಳಗೆ ಮಸುಕಾಗಿ ಕಾಣುವ ಮುನ್ನೋಟದ ಸಾಲನ್ನು ನಾವು ಬರೆಯದಿದ್ದರೆ ಪತ್ರದ ಮೇಲಿರುವ ‘ಬ್ರೌಸರಿನಲ್ಲಿ ನೋಡಿ’ ಎಂಬುದೇ ಅಲ್ಲಿ ಬಂದು ಕೂರುತ್ತದೆ.

ಇಡೀ ಲೇಖನವನ್ನೇ ಇಮೇಲಿಗೆ ಸುರಿಯುವವರಿಗೆ ಇನ್ನೊಂದು ತೊಡಕಿದೆ. 102 ಕಿಲೋಬೈಟ್ ಮೀರಿದ ಪತ್ರವನ್ನು ಜಿಮೇಲ್ ಅರ್ಧಕ್ಕೇ ಕತ್ತರಿಸಿ ತೋರಿಸುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದಲ್ಲಿ ವ್ಯಂಜನಕ್ಕೂ ಅದರ ಗುಣಿತದ ಚಿಹ್ನೆಗೂ ತಲಾ ಮೂರು ಬೈಟ್ ಬೇಕು. ಹಾಗಾಗಿ ಮೂರು ಸಾವಿರ ಪದಗಳ ಕನ್ನಡ ಲೇಖನ, ಮೇಲೆ ವಿನ್ಯಾಸದ ಕೋಡು, ಎಲ್ಲ ಸೇರಿ ಆ ಗಡಿಗೆ ಬಲುಬೇಗ ತಲುಪುತ್ತದೆ. ಕತ್ತರಿ ಬೀಳುವುದು ಕೆಳಗಿನಿಂದ, ಅಲ್ಲೇ ಇರುತ್ತದೆ ಲೇಖನದ ಕೊಂಡಿ ಮತ್ತು ಚಂದಾ ನಿಲ್ಲಿಸುವ ಕೊಂಡಿ. ಕಳಿಸುವ ಮುನ್ನ ತನಗೇ ಒಂದು ಪ್ರತಿ ಕಳಿಸಿ, ಕೊನೆಯವರೆಗೆ ಜಾರಿಸಿ ನೋಡಿದರೆ ಗೊತ್ತಾಗುತ್ತದೆ.

ಪೋಸ್ಟುಗಳ ಮಾತು ಹೆಚ್ಚಿಲ್ಲ. ಎಕ್ಸ್‌ನಲ್ಲಿ ಉಚಿತ ಖಾತೆಗೆ 280 ಅಕ್ಷರದ ಮಿತಿ, ಕೊಂಡಿ ಎಷ್ಟೇ ಉದ್ದವಿದ್ದರೂ 23 ಅಕ್ಷರದ ಲೆಕ್ಕ. ಆದರೆ ಅದರ ಎಣಿಕೆಯೂ ನಮ್ಮ ಎಣಿಕೆಯೂ ಬೇರೆ. ‘ತೊರೆಕಾಡನಹಳ್ಳಿ’ ನಮಗೆ ಏಳು ಅಕ್ಷರ, ಅದಕ್ಕೆ ಹದಿಮೂರು. ಊರುಗಳ ಹೆಸರಿರುವ ಪೋಸ್ಟಿನಲ್ಲಿ ಎರಡು ವಾಕ್ಯ ಹಿಡಿಸಿದರೆ ಹೆಚ್ಚು. ಇನ್‌ಸ್ಟಾಗ್ರಾಂನ ಚಿತ್ರದ ಕೆಳಗಿನ ಬರಹದಲ್ಲಿ ಕೊಂಡಿ ಹಾಕಿದರೆ ಒತ್ತಲು ಬರುವುದಿಲ್ಲ, ಅಲ್ಲಿ ಅದನ್ನು ಅಂಟಿಸುವುದು ವ್ಯರ್ಥ. ಒಂದು ಪೋಸ್ಟಿಗೆ ಪಟ್ಟಿಯ ಒಂದೇ ಸಂಗತಿ. ಇಷ್ಟು ಸಾಕು.

ವಾಟ್ಸ್‌ಆ್ಯಪ್ ಕಾರ್ಡಿನ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಅದು ಒಂದು ಕುಟುಂಬದ ಗುಂಪಿನಿಂದ ಇನ್ನೊಂದಕ್ಕೆ ಹಾರುತ್ತ, ಕೊಂಡಿ, ವಿವರಣೆ ಎಲ್ಲವನ್ನೂ ಕಳಚಿಕೊಂಡು ಬರಿಯ ಚಿತ್ರವಾಗಿ ಉಳಿಯುತ್ತದೆ. ಪತ್ರಿಕೆಯ ಹೆಸರು, ತಿಂಗಳು, ವರ್ಷ ಚಿತ್ರದೊಳಗೇ ಇಲ್ಲದಿದ್ದರೆ ಎರಡು ವರ್ಷದ ಮೇಲೂ ಅದು ಇವತ್ತಿನ ಸುದ್ದಿಯಾಗಿ ಓಡಾಡುತ್ತದೆ. ಐದನೆಯ ಹಂತದ ಅಂಕಿಯನ್ನೇ ತೆಗೆದುಕೊಳ್ಳಿ. ದಿನಕ್ಕೆ 775 ದಶಲಕ್ಷ ಲೀಟರ್ ಎಂಬುದು ಯೋಜನೆಯ ಸಾಮರ್ಥ್ಯ. ಅದರ ನೀರು ಮುಖ್ಯವಾಗಿ 2007ರಲ್ಲಿ ನಗರ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆಂದು ಯೋಜಿಸಿದ್ದು. ‘ಬೆಂಗಳೂರಿಗೆ ದಿನಕ್ಕೆ 775 ದಶಲಕ್ಷ ಲೀಟರ್ ಹೊಸ ನೀರು’ ಎಂದು ಕಾರ್ಡು ಮಾಡಿದರೆ, ಅದು ಅಷ್ಟೂ ನೀರು ಉದ್ಘಾಟನೆಯ ದಿನದಿಂದಲೇ ಎಲ್ಲರ ನಲ್ಲಿಯಲ್ಲಿ ಬರುತ್ತಿದೆ ಎಂದೇ ಓದಿಸಿಕೊಳ್ಳುತ್ತದೆ. ನಲ್ಲಿ ಒಣಗಿರುವ ಮನೆಯವರು ಅದರ ಕೆಳಗೆ ಏನು ಬರೆಯುತ್ತಾರೆಂದು ಊಹಿಸಬಹುದು, ಅವರ ಸಿಟ್ಟಿನಲ್ಲಿ ತಪ್ಪೂ ಇಲ್ಲ.

ಯಾವುದನ್ನು ಎಲ್ಲಿ ಹಾಕಬೇಕೆಂದು ನಿರ್ಧರಿಸುವಾಗ ನನಗೆ ಉಪಯೋಗಕ್ಕೆ ಬಂದಿರುವ ಪ್ರಶ್ನೆ ಇದು: ನಾಳೆ ತಪ್ಪು ಕಂಡುಬಂದರೆ ಇದನ್ನು ತಿದ್ದಬಹುದೆ? ಜಾಲತಾಣದಲ್ಲಿರುವ ಲೇಖನವನ್ನು ತಿದ್ದಿ, ತಿದ್ದಿದ್ದೇವೆ ಎಂದು ಕೆಳಗೆ ಬರೆಯಬಹುದು. ಹೊರಟುಹೋದ ಇಮೇಲನ್ನು ಹಿಂದಕ್ಕೆ ಕರೆಯಲಾಗದು, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಬಹುದಷ್ಟೇ. ಯೂಟ್ಯೂಬಿನಲ್ಲಿ ಅದೇ ವಿಳಾಸದಲ್ಲಿ ವಿಡಿಯೊ ಬದಲಿಸಲು ಬರುವುದಿಲ್ಲ. ಅಳಿಸಿ ಹೊಸದಾಗಿ ಹಾಕಿದರೆ ನೋಡಿದವರ ಲೆಕ್ಕವೂ ಅಭಿಪ್ರಾಯಗಳೂ ಹೋಗುತ್ತವೆ. ವಾಟ್ಸ್‌ಆ್ಯಪ್ ಕಾರ್ಡಂತೂ ಕೈಬಿಟ್ಟ ಮೇಲೆ ಮುಗಿಯಿತು. ಆದ್ದರಿಂದ ಕಾರ್ಡಿಗೆ ಹೋಗಬೇಕಾದದ್ದು ಹೆಸರಘಟ್ಟದ 1896. ಐದನೆಯ ಹಂತದ 775 ಲೇಖನದಲ್ಲೇ, ತನ್ನ ಬಾಲದ ಜೊತೆಗೇ ಇರಲಿ.