ಒಂದೇ ರಾಶಿ, ಎರಡು ಎಣಿಕೆ

ಒಂದು ಸಭೆಗೆ ಏಳು ಮಂದಿ ಬಂದಿದ್ದರು, ಒಬ್ಬೊಬ್ಬರೂ ಉಳಿದವರಲ್ಲಿ ಸರಿಯಾಗಿ ಮೂವರ ಕೈ ಕುಲುಕಿದರು ಎಂದು ಯಾರಾದರೂ ವರದಿ ಬರೆದರೆ ಆ ವರದಿ ತಪ್ಪು. ಸಭೆ ಎಲ್ಲಿ ನಡೆಯಿತು, ಬಂದವರು ಯಾರು, ಯಾರಿಗೆ ಯಾರ ಪರಿಚಯವಿತ್ತು ಎಂಬುದೇನೂ ಗೊತ್ತಿಲ್ಲದೆ ಇಷ್ಟನ್ನು ಖಚಿತವಾಗಿ ಹೇಳಬಹುದು. ಹೇಳಲು ಬೇಕಾದದ್ದು ಒಂದು ಗುಣಾಕಾರ ಮತ್ತು ಒಂದು ಸಣ್ಣ ತರ್ಕ. ಗ್ರಾಫ್ ಸಿದ್ಧಾಂತ ಕಲಿಯುವವರಿಗೆ ಮೊದಲ ವಾರದಲ್ಲೇ ಎದುರಾಗುವ ಈ ತರ್ಕಕ್ಕೆ ‘ಹಸ್ತಲಾಘವದ ಪ್ರಮೇಯ’ ಎನ್ನಬಹುದು.

ಚಿಕ್ಕ ಉದಾಹರಣೆಯಿಂದ ಶುರು ಮಾಡೋಣ. ರಮ್ಯಾ, ಸಲೀಂ, ಲೂಸಿ, ಬಸವರಾಜ, ಗಂಗಮ್ಮ ಎಂಬ ಐವರು ಒಂದೆಡೆ ಸೇರಿದ್ದಾರೆ. ಅಲ್ಲಿ ಒಟ್ಟು ಆರು ಸಲ ಕೈ ಕುಲುಕುವುದು ನಡೆಯಿತು. ಕೆಳಗಿನ ಕೋಷ್ಟಕದಲ್ಲಿ ಒಬ್ಬೊಬ್ಬರಿಗೆ ಒಂದು ಅಡ್ಡಸಾಲು, ಒಂದೊಂದು ಹಸ್ತಲಾಘವಕ್ಕೆ ಒಂದು ಕಂಬಸಾಲು. ಯಾರು ಯಾವ ಹಸ್ತಲಾಘವದಲ್ಲಿ ಇದ್ದರೋ ಆ ಮನೆಯಲ್ಲಿ ಒಂದು ಗುರುತು.

| | 1 | 2 | 3 | 4 | 5 | 6 | ಮೊತ್ತ |
|---|---|---|---|---|---|---|---|
| ರಮ್ಯಾ | ✓ | ✓ | | | | | 2 |
| ಸಲೀಂ | ✓ | | ✓ | | | ✓ | 3 |
| ಲೂಸಿ | | ✓ | ✓ | ✓ | ✓ | | 4 |
| ಬಸವರಾಜ | | | | ✓ | | ✓ | 2 |
| ಗಂಗಮ್ಮ | | | | | ✓ | | 1 |

ಈ ಕೋಷ್ಟಕದಲ್ಲಿ ಎಷ್ಟು ಗುರುತುಗಳಿವೆ? ಅಡ್ಡಸಾಲುಗಳ ಪ್ರಕಾರ ಎಣಿಸಿದರೆ 2 + 3 + 4 + 2 + 1, ಅಂದರೆ 12. ಕಂಬಸಾಲುಗಳ ಪ್ರಕಾರ ಎಣಿಸುವುದು ಇನ್ನೂ ಸುಲಭ. ಒಂದು ಹಸ್ತಲಾಘವದಲ್ಲಿ ಇಬ್ಬರೇ ಇರುವುದರಿಂದ ಪ್ರತಿ ಕಂಬಸಾಲಿನಲ್ಲೂ ಎರಡೇ ಗುರುತು. ಆರು ಕಂಬಸಾಲು, ತಲಾ ಎರಡು, ಒಟ್ಟು 12. ಗುರುತುಗಳ ರಾಶಿ ಒಂದೇ ಆದ್ದರಿಂದ ಎರಡು ಉತ್ತರಗಳೂ ಒಂದೇ ಆಗಬೇಕು. ಹೀಗೆ ಒಂದೇ ರಾಶಿಯನ್ನು ಎರಡು ದಿಕ್ಕಿನಿಂದ ಎಣಿಸಿ, ಬಂದ ಎರಡು ಉತ್ತರಗಳ ನಡುವೆ ಸಮ ಚಿಹ್ನೆ ಹಾಕುವ ವಿಧಾನವೇ ‘ಜೋಡಿ ಎಣಿಕೆ’.

ಗ್ರಾಫ್ ಸಿದ್ಧಾಂತದಲ್ಲಿ ಜನರ ಬದಲು ಚುಕ್ಕಿಗಳಿರುತ್ತವೆ, ಹಸ್ತಲಾಘವದ ಬದಲು ಎರಡು ಚುಕ್ಕಿಗಳನ್ನು ಸೇರಿಸುವ ಗೆರೆಗಳಿರುತ್ತವೆ. ಒಂದು ಚುಕ್ಕಿಗೆ ಬಂದು ಸೇರುವ ಗೆರೆಗಳ ಸಂಖ್ಯೆಯೇ ಆ ಚುಕ್ಕಿಯ ಡಿಗ್ರಿ. ಎಲ್ಲ ಚುಕ್ಕಿಗಳ ಡಿಗ್ರಿಗಳನ್ನು ಕೂಡಿದರೆ ಗೆರೆಗಳ ಸಂಖ್ಯೆಯ ಎರಡರಷ್ಟು ಬರುತ್ತದೆ. ಪ್ರಮೇಯ ಇಷ್ಟೇ.

ಇದರಿಂದ ಕೂಡಲೇ ಒಂದು ಫಲ ಸಿಗುತ್ತದೆ. ಗೆರೆಗಳ ಸಂಖ್ಯೆಯ ಎರಡರಷ್ಟು ಯಾವಾಗಲೂ ಸಮಸಂಖ್ಯೆ. ಸಮಸಂಖ್ಯೆಗಳನ್ನು ಎಷ್ಟು ಕೂಡಿದರೂ ಸಮವೇ. ಬೆಸಸಂಖ್ಯೆಗಳನ್ನು ಕೂಡಿದಾಗ ಮೊತ್ತ ಸಮವಾಗಬೇಕಾದರೆ ಅವು ಜೋಡಿ ಜೋಡಿಯಾಗಿಯೇ ಇರಬೇಕು. ಹಾಗಾಗಿ ಬೆಸ ಡಿಗ್ರಿಯ ಚುಕ್ಕಿಗಳ ಸಂಖ್ಯೆ ಎಂದಿಗೂ ಸಮ. ಮೇಲಿನ ಕೋಷ್ಟಕದಲ್ಲಿ ಬೆಸ ಮೊತ್ತ ಇರುವುದು ಸಲೀಂ ಮತ್ತು ಗಂಗಮ್ಮ ಇಬ್ಬರಿಗೆ ಮಾತ್ರ. ಏಳು ಮಂದಿಯ ಸಭೆಯ ವರದಿಯಲ್ಲಾದರೋ ಏಳು ಮೂರಲ ಇಪ್ಪತ್ತೊಂದು. ಹತ್ತೂವರೆ ಹಸ್ತಲಾಘವ ಆಗುವುದು ಹೇಗೆ? ವರದಿ ಅಲ್ಲೇ ಬಿದ್ದುಹೋಯಿತು.

ಈ ಮಾತನ್ನು ಮೊದಲು ಬರವಣಿಗೆಗೆ ಇಳಿಸಿದವನು ಲಿಯೊನಾರ್ಡ್ ಆಯ್ಲರ್. ಅವನ ಮುಂದಿದ್ದದ್ದು ಕೈಗಳಲ್ಲ, ಸೇತುವೆಗಳು. ಈಗ ರಷ್ಯಾಕ್ಕೆ ಸೇರಿದ ಕಲಿನಿನ್‌ಗ್ರಾಡ್ ಆಗಿರುವ, ಅಂದಿನ ಪ್ರಷ್ಯಾದ ಕ್ಯೋನಿಗ್ಸ್‌ಬರ್ಗ್ ನಗರದಲ್ಲಿ ಪ್ರೆಗೆಲ್ ನದಿ ಊರನ್ನು ನಾಲ್ಕು ಭಾಗ ಮಾಡಿತ್ತು. ಅವುಗಳನ್ನು ಜೋಡಿಸಲು ಏಳು ಸೇತುವೆಗಳಿದ್ದವು. ಪ್ರತಿ ಸೇತುವೆಯನ್ನೂ ಒಂದೇ ಒಂದು ಸಲ ದಾಟಿ ಊರು ಸುತ್ತಬಹುದೇ ಎಂಬುದು ಪ್ರಶ್ನೆ. ಆಯ್ಲರ್ ತನ್ನ ಉತ್ತರವನ್ನು 1735ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಅಕಾಡೆಮಿಯ ಮುಂದಿಟ್ಟ. ಅದು ಅಚ್ಚಾಗಿ ಹೊರಬಂದದ್ದು 1741ರಲ್ಲಿ.

ನದಿಯ ನಡುವಿನ ಕ್ನೈಪ್‌ಹೋಫ್ ದ್ವೀಪಕ್ಕೆ ಐದು ಸೇತುವೆ, ಉಳಿದ ಮೂರು ಭಾಗಗಳಿಗೆ ತಲಾ ಮೂರು. ಕೂಡಿದರೆ 14, ಏಳರ ಎರಡರಷ್ಟು. ಪ್ರತಿ ಸೇತುವೆಗೂ ಎರಡು ತುದಿ ಇರುವುದರಿಂದ ಅದು ಎರಡು ಸಲ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಬೆಸ ಸಂಖ್ಯೆಯ ಸೇತುವೆಗಳಿರುವ ಭಾಗಗಳು ಸಮಸಂಖ್ಯೆಯಲ್ಲೇ ಇರಬೇಕು ಎಂದು ಆಯ್ಲರ್ ಬರೆದ. ಅವನಿಗೆ ಇದು ಬೇಕಾದದ್ದಕ್ಕೆ ಕಾರಣವಿತ್ತು. ಸುತ್ತಾಡುವವರು ನಡುವೆ ಒಂದು ಭಾಗವನ್ನು ಹಾದುಹೋದಾಗಲೆಲ್ಲ ಒಂದು ಸೇತುವೆಯಿಂದ ಬಂದು ಇನ್ನೊಂದರಿಂದ ಹೋಗುತ್ತಾರೆ, ಅಂದರೆ ಸೇತುವೆಗಳು ಜೋಡಿಯಾಗಿ ಖರ್ಚಾಗುತ್ತವೆ. ಬೆಸ ಉಳಿಯಬಹುದಾದದ್ದು ಹೊರಟ ಜಾಗದಲ್ಲಿ ಮತ್ತು ಮುಗಿಸಿದ ಜಾಗದಲ್ಲಿ ಮಾತ್ರ. ಕ್ಯೋನಿಗ್ಸ್‌ಬರ್ಗ್‌ನಲ್ಲಿ ನಾಲ್ಕೂ ಭಾಗಗಳು ಬೆಸ, ಹಾಗಾಗಿ ಅಂಥ ಸುತ್ತಾಟ ಸಾಧ್ಯವಿಲ್ಲ. ಒಂದೇ ಒಂದು ಬೆಸ ಭಾಗವಿರುವ ಊರಿನಲ್ಲಿ ಏನಾಗುತ್ತದೆ ಎಂದು ಯೋಚಿಸುವ ಅಗತ್ಯವೂ ಇಲ್ಲ. ಅಂಥ ಊರು ಇರಲಾರದು ಎಂದು ಎಣಿಕೆಯೇ ಹೇಳಿಬಿಟ್ಟಿದೆ.

ಇಲ್ಲಿ ಕಲಿಯುವವರು ಒಂದು ಕಡೆ ಎಡವುತ್ತಾರೆ. ಮೊತ್ತ ಬೆಸವಾದರೆ ಅಂಥ ಗ್ರಾಫ್ ಇಲ್ಲ ಎಂಬುದು ನಿಜ. ಮೊತ್ತ ಸಮವಾದರೆ ಗ್ರಾಫ್ ಇದ್ದೇ ಇರುತ್ತದೆ ಎಂದು ತಿರುಗಿಸಿ ಓದಿದರೆ ತಪ್ಪಾಗುತ್ತದೆ. ನಾಲ್ವರಿರುವ ಕೋಣೆಯಲ್ಲಿ ಇಬ್ಬರು ತಲಾ ಮೂವರ ಕೈ ಕುಲುಕಿದರು, ಮಿಕ್ಕ ಇಬ್ಬರು ತಲಾ ಒಬ್ಬರ ಕೈ ಕುಲುಕಿದರು ಅನ್ನೋಣ. ಮೊತ್ತ 8, ಸಮವೇ. ಆದರೆ ನಾಲ್ವರಲ್ಲಿ ಮೂವರ ಕೈ ಕುಲುಕುವುದೆಂದರೆ ಎಲ್ಲರ ಕೈ ಕುಲುಕಿದಂತೆ. ಹಾಗೆ ಮಾಡಿದವರು ಇಬ್ಬರಿದ್ದ ಮೇಲೆ ಮಿಕ್ಕವರಿಗೆ ಕನಿಷ್ಠ ಎರಡೆರಡಾದರೂ ಬರಲೇಬೇಕು, ಒಂದಕ್ಕೆ ನಿಲ್ಲುವುದಿಲ್ಲ. ಈ ಪ್ರಮೇಯ ಕೆಲವು ಸುಳ್ಳುಗಳನ್ನು ಹಿಡಿಯುತ್ತದೆ, ಎಲ್ಲವನ್ನೂ ಅಲ್ಲ.

ಇನ್ನೊಂದು ಎಚ್ಚರ ಸಂಬಂಧದ ಸ್ವರೂಪಕ್ಕೆ ಸೇರಿದ್ದು. ಕೈ ಕುಲುಕುವುದು ಎರಡೂ ಕಡೆಯಿಂದ ಆಗುವ ಕೆಲಸ. ತರಗತಿಯಲ್ಲಿ ಮಕ್ಕಳಿಗೆ ‘ನಿನ್ನ ಗೆಳೆಯರು ಎಷ್ಟು ಮಂದಿ’ ಎಂದು ಕೇಳಿ ಬರೆದುಕೊಂಡರೆ ಮೊತ್ತ ಬೆಸವಾಗಬಹುದು. ಒಬ್ಬ ಇನ್ನೊಬ್ಬನನ್ನು ಗೆಳೆಯ ಎಂದುಕೊಂಡಿದ್ದು ಆ ಇನ್ನೊಬ್ಬ ಹಾಗೆ ಅಂದುಕೊಳ್ಳದೆ ಇದ್ದರೆ, ಆ ಗೆಳೆತನದ ಕಂಬಸಾಲಿನಲ್ಲಿ ಒಂದೇ ಗುರುತು ಇರುತ್ತದೆ. ಅಲ್ಲಿ ಎರಡರಿಂದ ಭಾಗಿಸುವ ಹಕ್ಕು ನಮಗಿಲ್ಲ.

ಭಾಗಿಸುವ ಸಂಖ್ಯೆ ಎರಡೇ ಆಗಿರಬೇಕೆಂದೂ ಇಲ್ಲ. ನಲವತ್ತು ವಿದ್ಯಾರ್ಥಿಗಳು ತರಗತಿಯ ಕಪಾಟಿನಿಂದ ತಲಾ ಮೂರು ಬೇರೆ ಬೇರೆ ಪುಸ್ತಕ ಓದಿದ್ದಾರೆ, ಪ್ರತಿ ಪುಸ್ತಕವನ್ನೂ ಸರಿಯಾಗಿ ಐವರು ಓದಿದ್ದಾರೆ. ಕಪಾಟಿನಲ್ಲಿ ಎಷ್ಟು ಪುಸ್ತಕಗಳಿವೆ? ಇಲ್ಲಿ ಎಣಿಸಬೇಕಾದದ್ದು ವಿದ್ಯಾರ್ಥಿಗಳನ್ನೂ ಅಲ್ಲ, ಪುಸ್ತಕಗಳನ್ನೂ ಅಲ್ಲ. ‘ಇವರು ಇದನ್ನು ಓದಿದ್ದಾರೆ’ ಎಂಬ ಜೋಡಿಗಳನ್ನು. ವಿದ್ಯಾರ್ಥಿಗಳ ಕಡೆಯಿಂದ ಅವು 40 × 3 = 120. ಪುಸ್ತಕಗಳ ಕಡೆಯಿಂದ ನೋಡಿದರೆ ಒಂದೊಂದಕ್ಕೆ ಐದು. ಹಾಗಾದರೆ ಪುಸ್ತಕಗಳು 24. ಜೋಡಿ ಎಣಿಕೆಯ ಕೌಶಲವೆಲ್ಲ ಯಾವ ಜೋಡಿಗಳನ್ನು ಎಣಿಸಬೇಕೆಂದು ಆರಿಸುವುದರಲ್ಲಿ ಇದೆ. ಆಮೇಲೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಪ್ರತಿಯೊಂದೂ ಎಷ್ಟು ಸಲ ಎಣಿಕೆಗೆ ಬಂತು?

ಈ ಪ್ರಶ್ನೆಯ ಬಲ ತಿಳಿಯಲು ಕಪ್ಪು ಬಿಳುಪಿನ ಫುಟ್‌ಬಾಲನ್ನು ಕೈಗೆತ್ತಿಕೊಳ್ಳಿ. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಆಡಿದ ಟೆಲ್‌ಸ್ಟಾರ್ ಚೆಂಡಿನಿಂದ ಜನಪ್ರಿಯವಾದ ವಿನ್ಯಾಸ ಅದು. ಅದರಲ್ಲಿ 12 ಕಪ್ಪು ಪಂಚಭುಜ, 20 ಬಿಳಿ ಷಡ್ಭುಜ. ಮೂಲೆಗಳು ಎಷ್ಟು, ಹೊಲಿಗೆಯ ಅಂಚುಗಳು ಎಷ್ಟು? ಚೆಂಡನ್ನು ತಿರುಗಿಸುತ್ತ ಬೆರಳಿಟ್ಟು ಎಣಿಸಿದರೆ ಎಲ್ಲಿ ಶುರು ಮಾಡಿದೆವೆಂಬುದೇ ಮರೆತುಹೋಗುತ್ತದೆ. ಅದರ ಬದಲು ಚೆಂಡನ್ನು ಬಿಚ್ಚಿ ತುಂಡುಗಳನ್ನು ಮೇಜಿನ ಮೇಲೆ ಹರಡಿದಂತೆ ಊಹಿಸಿಕೊಳ್ಳಿ. ಪಂಚಭುಜಗಳಿಗೆ 12 × 5 = 60 ಅಂಚು, ಷಡ್ಭುಜಗಳಿಗೆ 20 × 6 = 120 ಅಂಚು, ಒಟ್ಟು 180. ತುಂಡುಗಳ ಮೂಲೆಗಳೂ ಅಷ್ಟೇ, 180. ಈಗ ಮತ್ತೆ ಹೊಲಿಯಿರಿ. ಪ್ರತಿ ಹೊಲಿಗೆಯಲ್ಲಿ ಎರಡು ತುಂಡುಗಳ ಅಂಚುಗಳು ಸೇರುತ್ತವೆ, ಹಾಗಾಗಿ ಚೆಂಡಿನ ಮೇಲೆ 90 ಅಂಚು. ಪ್ರತಿ ಮೂಲೆಯಲ್ಲಿ ಮೂರು ತುಂಡುಗಳು ಸೇರುತ್ತವೆ, ಹಾಗಾಗಿ 60 ಮೂಲೆ. ಅದೇ 180ನ್ನು ಒಮ್ಮೆ ಎರಡರಿಂದ, ಒಮ್ಮೆ ಮೂರರಿಂದ ಭಾಗಿಸಿದ್ದು. ಉತ್ತರ ಸರಿಯೇ ಎಂದು ಹಸ್ತಲಾಘವದ ಪ್ರಮೇಯದಿಂದ ತಾಳೆ ನೋಡಬಹುದು: 60 ಮೂಲೆ, ಪ್ರತಿ ಮೂಲೆಗೆ ಮೂರು ಅಂಚು, ಮೊತ್ತ 180, ಅದರ ಅರ್ಧ 90.

1985ರಲ್ಲಿ ಹೆರಾಲ್ಡ್ ಕ್ರೋಟೊ, ರಾಬರ್ಟ್ ಕರ್ಲ್, ರಿಚರ್ಡ್ ಸ್ಮಾಲಿ ಮತ್ತು ಅವರ ಸಹೋದ್ಯೋಗಿಗಳು ಕಂಡುಕೊಂಡ 60 ಇಂಗಾಲದ ಪರಮಾಣುಗಳ ಅಣುವಿಗೂ ಇದೇ ಆಕಾರ. ಪ್ರತಿ ಮೂಲೆಯಲ್ಲಿ ಒಂದು ಪರಮಾಣು, ಪ್ರತಿ ಅಂಚಿನಲ್ಲಿ ಒಂದು ಬಂಧ. ಈ ಮೂವರಿಗೆ 1996ರ ರಸಾಯನಶಾಸ್ತ್ರದ ನೊಬೆಲ್ ಸಂದಿತು. ಇದರ ಜೊತೆಗೇ 70 ಪರಮಾಣುಗಳ ಅಣುವೂ ಇದೆ. ಅದರಲ್ಲಿ ಷಡ್ಭುಜಗಳು 25ಕ್ಕೆ ಏರುತ್ತವೆ, ಪಂಚಭುಜಗಳು ಮಾತ್ರ 12ರಲ್ಲೇ ನಿಲ್ಲುತ್ತವೆ. ಏಕೆ?

ಚೆಂಡಿನಂಥ ಮೇಲ್ಮೈಗೆ ಆಯ್ಲರ್‌ನದೇ ಇನ್ನೊಂದು ನಿಯಮವಿದೆ: ಮೂಲೆಗಳಿಂದ ಅಂಚುಗಳನ್ನು ಕಳೆದು ಮುಖಗಳನ್ನು ಕೂಡಿದರೆ 2 ಬರುತ್ತದೆ. ಫುಟ್‌ಬಾಲಿಗೆ 60 − 90 + 32 = 2. ಈಗ ಪಂಚಭುಜಗಳೆಷ್ಟು, ಷಡ್ಭುಜಗಳೆಷ್ಟು ಎಂಬುದನ್ನು ಹೇಳದೆ, ಪ್ರತಿ ಮೂಲೆಯಲ್ಲಿ ಮೂರು ತುಂಡು ಸೇರುತ್ತವೆ ಎಂದಷ್ಟೇ ಇಟ್ಟುಕೊಂಡು ಒಂದೊಂದು ತುಂಡಿನ ಪಾಲು ಲೆಕ್ಕ ಹಾಕೋಣ. ಷಡ್ಭುಜದ ಆರು ಮೂಲೆಗಳನ್ನು ಮೂವರು ಹಂಚಿಕೊಳ್ಳುವುದರಿಂದ ಅದರ ಪಾಲು 2 ಮೂಲೆ. ಆರು ಅಂಚುಗಳನ್ನು ಇಬ್ಬರು ಹಂಚಿಕೊಳ್ಳುವುದರಿಂದ 3 ಅಂಚು. ತಾನೇ 1 ಮುಖ. 2 − 3 + 1 = 0. ಷಡ್ಭುಜದ ಕೊಡುಗೆ ಸೊನ್ನೆ, ಅದಕ್ಕೇ ಅವು ಎಷ್ಟಿದ್ದರೂ ನಡೆಯುತ್ತದೆಂದು ಈ ಲೆಕ್ಕ ಬಿಟ್ಟುಬಿಡುತ್ತದೆ. ಪಂಚಭುಜಕ್ಕೆ 5/3 − 5/2 + 1, ಅಂದರೆ 1/6. ಇಂಥ ಆರನೇ ಒಂದುಗಳು ಸೇರಿ 2 ಆಗಬೇಕಾದರೆ ಪಂಚಭುಜಗಳು ಸರಿಯಾಗಿ ಹನ್ನೆರಡಿರಬೇಕು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಬ್ರಿಟನ್ನಿನಲ್ಲಿ ಫುಟ್‌ಬಾಲ್ ಮೈದಾನದ ದಾರಿ ತೋರಿಸುವ ಫಲಕಗಳ ಮೇಲಿನ ಚೆಂಡನ್ನು ಬರೀ ಷಡ್ಭುಜಗಳಿಂದ ಚಿತ್ರಿಸಲಾಗಿದೆ. ಅದನ್ನು ತಿದ್ದಬೇಕೆಂದು 2017ರಲ್ಲಿ ಗಣಿತ ಲೇಖಕ ಮ್ಯಾಟ್ ಪಾರ್ಕರ್ ಸರ್ಕಾರಕ್ಕೆ ಮನವಿ ಸಲ್ಲಿಸಿದರು, ಸರ್ಕಾರ ಒಪ್ಪಲಿಲ್ಲ. ಆ ಚಿತ್ರದ ತಪ್ಪು ಎಲ್ಲಿದೆ ಎಂದು ಈಗ ನಾವೂ ಹೇಳಬಹುದು. ಷಡ್ಭುಜಗಳ ಕೊಡುಗೆಗಳನ್ನು ಎಷ್ಟು ಕೂಡಿದರೂ ಮೊತ್ತ ಸೊನ್ನೆ, ಚೆಂಡಿಗೆ ಬೇಕಾದದ್ದು ಎರಡು. ಹಾಗೆ ಹೊಲಿಯುತ್ತ ಹೋದರೆ ಎಷ್ಟು ತುಂಡು ಸೇರಿಸಿದರೂ ಅದು ಮುಚ್ಚಿದ ಚೆಂಡಾಗುವುದಿಲ್ಲ.